ಪ್ರಕಟಿಸುವ ಮುನ್ನ ಎಐ ವಿಡಿಯೊದಲ್ಲಿ ನಾನು ಹುಡುಕುವ ತಪ್ಪುಗಳು

ಪ್ರಶ್ನೆ: ಎಐನಿಂದ ಮಾಡಿಸಿದ ವಿಡಿಯೊ ನನಗೆ ಸರಿಯಾಗಿಯೇ ಕಾಣುತ್ತದೆ, ಹಾಕಿದ ಮೇಲೆ ನೋಡುವವರು ಬೆರಳು, ಅಕ್ಷರಗಳ ತಪ್ಪು ತೋರಿಸುತ್ತಾರೆ. ಮೊದಲೇ ಹಿಡಿಯುವುದು ಹೇಗೆ?

ಮಾಮೂಲಿ ವೇಗದಲ್ಲಿ ನೋಡುವಾಗ ನಮ್ಮ ಕಣ್ಣು ಮುಖವನ್ನೋ ಚಲಿಸುವ ವಸ್ತುವನ್ನೋ ಹಿಂಬಾಲಿಸುತ್ತದೆ, ಉಳಿದದ್ದನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ಆದ್ದರಿಂದ ನಾನು ಒಂದೇ ಕ್ಲಿಪ್ಪನ್ನು ಮೂರು ಸಲ ನೋಡುತ್ತೇನೆ: ಒಮ್ಮೆ ಅಕ್ಷರಗಳಿಗಾಗಿ, ಒಮ್ಮೆ ಕೈಗಳಿಗಾಗಿ, ಒಮ್ಮೆ ವಸ್ತುಗಳ ಚಲನೆಗಾಗಿ. ಮೂರನ್ನೂ ಒಟ್ಟಿಗೆ ಹುಡುಕಲು ಹೋದಾಗಲೆಲ್ಲ ಏನಾದರೊಂದು ತಪ್ಪಿಸಿಕೊಂಡಿದೆ.

ಇತ್ತೀಚೆಗೆ ಪರಿಶೀಲಿಸಿದ 8 ಸೆಕೆಂಡಿನ ಒಂದು ಕ್ಲಿಪ್ಪನ್ನೇ ತೆಗೆದುಕೊಳ್ಳೋಣ. ಮಹಿಳೆಯೊಬ್ಬರು ಜಗ್‌ನ ಮುಚ್ಚಳ ತೆಗೆದು ಮೇಜಿನ ಮೇಲಿನ ಲೋಟಕ್ಕೆ ನೀರು ಸುರಿಯುತ್ತಾರೆ, ಅಷ್ಟರಲ್ಲಿ ಮುಚ್ಚಳ ಕೈಜಾರಿ ನೆಲಕ್ಕೆ ಬೀಳುತ್ತದೆ. ಸೆಕೆಂಡಿಗೆ 24 ಫ್ರೇಮ್‌ಗಳಂತೆ ಅದರಲ್ಲಿ 192 ಚಿತ್ರಗಳಿದ್ದವು. ಅಷ್ಟನ್ನೂ ಒಂದೊಂದಾಗಿ ನೋಡಬೇಕಾಗಿಲ್ಲ. ವಿಡಿಯೊ ಸಂಸ್ಕರಿಸುವ ffmpeg ಎಂಬ ಸಾಧನಕ್ಕೆ ಟರ್ಮಿನಲ್‌ನಲ್ಲಿ ಈ ಆಜ್ಞೆ ಕೊಟ್ಟು, ಸೆಕೆಂಡಿಗೆ ನಾಲ್ಕರಂತೆ 32 ಚಿತ್ರಗಳನ್ನು ಒಂದೇ ಹಾಳೆಯಲ್ಲಿ ಜೋಡಿಸಿಕೊಳ್ಳುತ್ತೇನೆ:

```
ffmpeg -i clip.mp4 -vf "fps=4,scale=320:-1,tile=4x8" -frames:v 1 sheet.png
```

ಅನುಮಾನ ಎಲ್ಲಿ ಹುಟ್ಟಿತೋ ಆ ಭಾಗವನ್ನು ಮಾತ್ರ mpv ಪ್ಲೇಯರಿನಲ್ಲಿ ತೆರೆದು, `.` ಒತ್ತಿ ಒಂದೊಂದೇ ಫ್ರೇಮ್ ಮುಂದಕ್ಕೆ, `,` ಒತ್ತಿ ಹಿಂದಕ್ಕೆ ಸಾಗುತ್ತೇನೆ.

ಅಕ್ಷರಗಳ ಪರೀಕ್ಷೆ ಬೇಗ ಮುಗಿಯುತ್ತದೆ. ಜಗ್‌ನ ಮೇಲಿದ್ದ ಪಟ್ಟಿಯಲ್ಲಿ ಮೊದಲ ಫ್ರೇಮಿನಲ್ಲಿ ‘ನೀರು’ ಎಂದೇ ಓದಬಹುದಿತ್ತು. ಜಗ್ ತಿರುಗಿದ ಮೇಲೆ ದೀರ್ಘ ಕಳಚಿಹೋಗಿ, ರ ಅಕ್ಷರ ಯಾವ ಲಿಪಿಗೂ ಸೇರದ ಗೆರೆಯಾಗಿತ್ತು. ಹೀಗಾಗಿ ಒಂದು ಫ್ರೇಮ್ ಓದಿ ಸಮಾಧಾನಪಡದೆ, ಅದೇ ಪದವನ್ನು ಆರಂಭ, ಮಧ್ಯ, ಕೊನೆ ಮೂರೂ ಕಡೆ ಹೋಲಿಸಬೇಕು. ಹಿನ್ನೆಲೆಯಲ್ಲಿ ಮಸುಕಾಗಿರುವ ಫಲಕ, ಪುಸ್ತಕದ ಬೆನ್ನು, ಗಡಿಯಾರದ ಅಂಕಿಗಳನ್ನೂ ಬಿಡಬಾರದು. ಒತ್ತಕ್ಷರವಿರುವ ಕನ್ನಡ ಪದವನ್ನು ಎಐ ಮಾದರಿಯಿಂದ ಬರೆಯಿಸುವ ಆಸೆಯನ್ನು ನಾನಂತೂ ಬಿಟ್ಟಿದ್ದೇನೆ. ಪಟ್ಟಿಯನ್ನು ಖಾಲಿಯಾಗಿ ಮಾಡಿಸಿ, ಪದವನ್ನು ಎಡಿಟಿಂಗ್‌ನಲ್ಲಿ ಅಂಟಿಸುತ್ತೇನೆ.

ಕೈಗಳಿಗೆ ಹೆಚ್ಚು ಸಮಯ ಬೇಕು, ಏಕೆಂದರೆ ಸುಮ್ಮನಿರುವ ಕೈ ಸಾಮಾನ್ಯವಾಗಿ ಚೆನ್ನಾಗಿಯೇ ಬಂದಿರುತ್ತದೆ. ಕೈ ಒಂದು ವಸ್ತುವನ್ನು ಮುಟ್ಟುವ, ಅದರ ಹಿಂದೆ ಮರೆಯಾಗುವ ಮತ್ತು ಮತ್ತೆ ಹೊರಬರುವ ಕ್ಷಣಗಳಲ್ಲೇ ತಪ್ಪುಗಳು ಗುಂಪುಗೂಡುತ್ತವೆ. ಈ ಕ್ಲಿಪ್ಪಿನಲ್ಲಿ ಜಗ್‌ನ ಹಿಡಿಯನ್ನು ಸುತ್ತಿದ್ದ ನಾಲ್ಕು ಬೆರಳುಗಳು ಮಣಿಕಟ್ಟು ಹೊರಳಿದ ಬಳಿಕ ಹೆಬ್ಬೆರಳನ್ನು ಬಿಟ್ಟು ಐದಾಗಿದ್ದವು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ವೇಗವಾಗಿ ಚಲಿಸುವ ಕೈ ನಿಜವಾದ ಕ್ಯಾಮೆರಾದಲ್ಲೂ ಮಸುಕಾಗಿ, ಎರಡು ಬೆರಳು ಒಂದಾದಂತೆ ಕಾಣಬಹುದು. ಆದ್ದರಿಂದ ಮಸುಕು ಆರಂಭವಾಗುವ ಮೊದಲಿನ ಮತ್ತು ತಿಳಿಯಾದ ನಂತರದ ಫ್ರೇಮ್‌ಗಳಲ್ಲಿ ಬೆರಳು ಎಣಿಸುತ್ತೇನೆ. ಎರಡೂ ಕಡೆ ಎಣಿಕೆ ಸರಿಯಿದ್ದರೆ ನಡುವಿನ ಒಂದೆರಡು ಫ್ರೇಮ್‌ಗಳ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಚಲನೆಯ ವಿಷಯದಲ್ಲಿ ಅಂದಾಜಿಗಿಂತ ಎಣಿಕೆ ಒಳ್ಳೆಯದು. ಸುಮಾರು 75 ಸೆಂಟಿಮೀಟರ್ ಎತ್ತರದಿಂದ ಕೈಜಾರಿದ ವಸ್ತು ನೆಲ ಮುಟ್ಟಲು 0.39 ಸೆಕೆಂಡ್, ಅಂದರೆ 9ರಿಂದ 10 ಫ್ರೇಮ್ ಹಿಡಿಯುತ್ತದೆ. ಮೇಜಿನ ಅಂಚಿನ ಮಟ್ಟದಿಂದ ಬಿದ್ದ ನಮ್ಮ ಮುಚ್ಚಳ 20 ಫ್ರೇಮ್ ತೆಗೆದುಕೊಂಡಿತ್ತು, ಅದೂ ಉದ್ದಕ್ಕೂ ಒಂದೇ ವೇಗದಲ್ಲಿ. ಬೀಳುವ ವಸ್ತು ಪ್ರತಿ ಫ್ರೇಮಿಗೂ ಹಿಂದಿನದಕ್ಕಿಂತ ಹೆಚ್ಚು ದೂರ ಸಾಗಲೇಬೇಕು. ಇಡೀ ದೃಶ್ಯವೇ ನಿಧಾನಗತಿಯದಾಗಿದ್ದರೆ 20 ಫ್ರೇಮ್ ತಪ್ಪಲ್ಲ, ಆದರೆ ಇಲ್ಲಿ ನೀರಿನ ಧಾರೆಯೂ ಕಣ್ಣಿನ ರೆಪ್ಪೆಯೂ ಮಾಮೂಲಿ ವೇಗದಲ್ಲಿದ್ದವು. ನೀರಿನ ಲೆಕ್ಕವೂ ಕೂಡಿ ಬರಲಿಲ್ಲ: ಲೋಟ ಮುಕ್ಕಾಲು ತುಂಬಿದರೂ ಗಾಜಿನ ಜಗ್‌ನಲ್ಲಿ ಮಟ್ಟ ಇಳಿದಿರಲಿಲ್ಲ, ಧಾರೆ ನಿಂತ ಮೇಲೂ ಲೋಟದ ನೀರು ಅರ್ಧ ಸೆಕೆಂಡ್ ಏರುತ್ತಲೇ ಇತ್ತು.

ದುರಸ್ತಿ ತಪ್ಪಿನ ಬಗೆಯನ್ನು ಅವಲಂಬಿಸಿದೆ. ಪಟ್ಟಿಯ ಅಕ್ಷರವನ್ನು ಮುಚ್ಚಿ ಹೊಸದನ್ನು ಜಗ್‌ನ ಚಲನೆಗೆ ಕೂಡಿಸಬಹುದು. ಕೈಯ ತಪ್ಪು ಚೌಕಟ್ಟಿನ ಅಂಚಿನಲ್ಲಿದ್ದರೆ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಹೊರಗೆ ತಳ್ಳಬಹುದು, ಇಲ್ಲವೆ ಆ ಕ್ಷಣಕ್ಕೆ ಬೇರೊಂದು ದೃಶ್ಯ ಸೇರಿಸಬಹುದು. ನೀರು, ಬೀಳುವಿಕೆಗಳ ತಪ್ಪನ್ನು ತೇಪೆ ಹಾಕಲು ಕೂರುವುದಕ್ಕಿಂತ ಹೊಸದಾಗಿ ಮಾಡಿಸುವುದೇ ಲೇಸು. ನಾನು ಮುಚ್ಚಳ ಬೀಳುವ ಪ್ರಸಂಗವನ್ನೇ ಕೈಬಿಟ್ಟು, ಜಗ್‌ನ್ನು ಲೋಹದ್ದಾಗಿಸಿ ಮತ್ತೆ ಮಾಡಿಸಿದೆ. ಒಳಗಿನ ನೀರಿನ ಮಟ್ಟ ಕಾಣದಂತಾದ್ದರಿಂದ ಪರೀಕ್ಷಿಸಬೇಕಾದದ್ದು ಲೋಟ ಮತ್ತು ಹಿಡಿಯ ಮೇಲಿನ ಬೆರಳುಗಳು ಮಾತ್ರ ಉಳಿದವು.