ಆರೋಪಿ ಖುಲಾಸೆಯಾದರೆ ಅಪೀಲೋ, ರಿವಿಜನ್ನೋ, ರಿವ್ಯೂವೋ?

> "ನನ್ನ ತಮ್ಮನಿಗೆ ಹೊಡೆದವರನ್ನು ಮ್ಯಾಜಿಸ್ಟ್ರೇಟ್ ಕೋರ್ಟು ಬಿಟ್ಟುಬಿಟ್ಟಿದೆ. ಅಪೀಲ್, ರಿವಿಜನ್, ರಿವ್ಯೂ ಇವುಗಳಲ್ಲಿ ಯಾವುದನ್ನು, ಯಾರು, ಎಲ್ಲಿ ಹಾಕಬೇಕು?"

ನಿಮಗೆ ಬೇಕಿರುವುದು ಅಪೀಲ್. ಪೆಟ್ಟು ತಿಂದವರು ನಿಮ್ಮ ತಮ್ಮ, ಹಾಗಾಗಿ ಅಪೀಲ್ ಅವರ ಹೆಸರಲ್ಲೇ ಹೋಗಬೇಕು. ಅಣ್ಣ ಅನ್ನೋ ಕಾರಣಕ್ಕೆ ನಿಮಗೆ ಆ ಹಕ್ಕಿಲ್ಲ. ಅವರು ಅಪ್ರಾಪ್ತರಾಗಿದ್ದು ನೀವು ಪೋಷಕರಾಗಿದ್ದರೆ ಮಾತು ಬೇರೆ. ಮ್ಯಾಜಿಸ್ಟ್ರೇಟ್ ತೀರ್ಪಾದ್ದರಿಂದ ಹಾಕಬೇಕಾದ್ದು ಸೆಷನ್ಸ್ ಕೋರ್ಟಿನಲ್ಲಿ. ಕ್ರಿಮಿನಲ್ ಕೇಸು ನಡೆಸುವ ಹೊಸ ಕಾನೂನಾದ ಬಿಎನ್‌ಎಸ್‌ಎಸ್‌ನ 413ನೇ ಕಲಂ (ಹಳೆಯ ಸಿಆರ್‌ಪಿಸಿ 372) ಈ ಹಕ್ಕು ಕೊಡುತ್ತದೆ. ಸರ್ಕಾರವೂ ಬೇರೆಯಾಗಿ ಅಪೀಲ್ ಹಾಕಬಹುದು, ಆದರೆ ಅದಕ್ಕಾಗಿ ಕಾಯುತ್ತಾ ಕೂರಬೇಡಿ. ಇವತ್ತೇ ತೀರ್ಪಿನ ದೃಢೀಕೃತ ನಕಲಿಗೆ ಅರ್ಜಿ ಕೊಡಿ.

ಒಂದು ವಿಷಯ ನೆನಪಿರಲಿ. ಶಿಕ್ಷೆಯಾಗಿ, ಅದು ಕಡಿಮೆಯಾಯ್ತು ಅನ್ನಿಸಿದರೆ ಸಂತ್ರಸ್ತರಿಗೆ ಈ ಅಪೀಲ್ ಸಿಗುವುದಿಲ್ಲ. ಸುಪ್ರೀಂ ಕೋರ್ಟ್ 2020ರಲ್ಲಿ ಹಾಗೇ ಹೇಳಿದೆ. ಚಿಕ್ಕ ಅಪರಾಧಕ್ಕಷ್ಟೇ ತಪ್ಪಿತಸ್ಥ ಅಂದರು ಅಂತಲೋ, ಪರಿಹಾರ ಸಾಲದು ಅಂತಲೋ ಹಾಕಬಹುದು.

ರಿವಿಜನ್ ಸೆಷನ್ಸ್ ಕೋರ್ಟಿನಲ್ಲೂ ಆಗುತ್ತದೆ, ಹೈಕೋರ್ಟಿನಲ್ಲೂ ಆಗುತ್ತದೆ. ಆದರೆ ಒಂದೇ ಕಡೆ, ಒಂದೇ ಸಲ. ಅಲ್ಲಿ ಸಾಕ್ಷ್ಯವನ್ನು ಮತ್ತೆ ಮೊದಲಿನಿಂದ ತೂಗುವುದಿಲ್ಲ, ಕೆಳಗಿನ ಕೋರ್ಟು ಕಾನೂನು ಮೀರಿತೇ ಅಂತ ನೋಡುತ್ತಾರೆ. ಖುಲಾಸೆಯನ್ನು ಶಿಕ್ಷೆಯಾಗಿ ಬದಲಿಸುವ ಅಧಿಕಾರ ರಿವಿಜನ್‌ನಲ್ಲಿ ಇಲ್ಲ, ಹೆಚ್ಚೆಂದರೆ ಮರುವಿಚಾರಣೆಗೆ ವಾಪಸ್ ಕಳಿಸಬಹುದು. ಅಪೀಲಿಗೆ ಅವಕಾಶವಿದ್ದೂ ಹಾಕದೆ ರಿವಿಜನ್‌ಗೆ ಹೋದರೆ ಅದು ನಿಲ್ಲುವುದೇ ಇಲ್ಲ. ಸುಮ್ನೆ ಖರ್ಚು.

ರಿವ್ಯೂ ಮರೆತುಬಿಡಿ. ಕ್ರಿಮಿನಲ್ ಕೋರ್ಟು ತೀರ್ಪಿಗೆ ಸಹಿ ಹಾಕಿದ ಮೇಲೆ ಬರಹದ, ಲೆಕ್ಕದ ತಪ್ಪು ಬಿಟ್ಟು ಬೇರೇನನ್ನೂ ತಿದ್ದುವಂತಿಲ್ಲ. ತನ್ನದೇ ತೀರ್ಪನ್ನು ಮರುಪರಿಶೀಲಿಸುವ ಅಧಿಕಾರ ಸಂವಿಧಾನದ 137ನೇ ವಿಧಿಯಡಿ ಇರುವುದು ಸುಪ್ರೀಂ ಕೋರ್ಟಿಗೆ, ಅದೂ ಕಣ್ಣಿಗೆ ರಾಚುವಂಥ ತಪ್ಪಿದ್ದರೆ.