ಒಂದು ಕ್ಯೂಬಿಟ್‌ನಲ್ಲಿ ಎಷ್ಟು ಬಿಟ್ ಹಿಡಿಸುತ್ತದೆ?

ಪ್ರಶ್ನೆ: ಕ್ಯೂಬಿಟ್‌ನಲ್ಲಿ α, β ಅಂತ ಎರಡು ಕಾಂಪ್ಲೆಕ್ಸ್ ಸಂಖ್ಯೆಗಳಿವೆ. ಅವುಗಳ ದಶಮಾಂಶದಲ್ಲಿ ಒಂದಿಡೀ ಪುಸ್ತಕವನ್ನೇ ತುಂಬಬಹುದಲ್ವಾ? ಆದ್ರೂ ಒಂದೇ ಬಿಟ್ ಸಾಗಿಸಬಹುದು ಅಂತಾರೆ. ಯಾಕೆ? ಡೆನ್ಸಿಟಿ ಮ್ಯಾಟ್ರಿಕ್ಸ್‌ನ ಎಂಟ್ರೋಪಿಗೂ ಇದಕ್ಕೂ ಏನು ಸಂಬಂಧ?

ಉತ್ತರ:

ತುಂಬಬಹುದು, ತೆಗೆಯಲು ಬರುವುದಿಲ್ಲ. ಲತಾ ಕ್ಯೂಬಿಟ್ ಕಳಿಸುತ್ತಾಳೆ, ರವಿ ಅದನ್ನು ಅಳೆಯುತ್ತಾನೆ ಅಂದುಕೊಳ್ಳಿ. α, β ಏನೆಂದು ಲತಾಗೆ ಗೊತ್ತು. ರವಿಯ ಕೈಗೆ ಸಿಗುವುದು ಒಂದೇ ಒಂದು ಪ್ರತಿ. ಅವನು ಒಮ್ಮೆ ಅಳೆದರೆ ಮೊದಲಿದ್ದ ಸ್ಥಿತಿ ಹೋಯಿತು, ಮತ್ತೆ ಅಳೆದು ದಶಮಾಂಶಗಳನ್ನು ಒಂದೊಂದಾಗಿ ಹೆಕ್ಕುವ ಹಾಗಿಲ್ಲ.

"ಅಳತೆಯ ಫಲ 0 ಅಥವಾ 1, ಹಾಗಾಗಿ ಒಂದೇ ಬಿಟ್" ಎಂದು ಹಲವರು ಇಲ್ಲಿಗೇ ಮುಗಿಸುತ್ತಾರೆ. ಅದು ಸಾಲದು. ರವಿ ತನ್ನ ಕಡೆಯಿಂದ ಇನ್ನೊಂದಷ್ಟು ಕ್ಯೂಬಿಟ್‌ಗಳನ್ನು ಪಕ್ಕದಲ್ಲಿಟ್ಟು, ಎಲ್ಲವನ್ನೂ ಒಟ್ಟಿಗೆ ಅಳೆಯಬಹುದು. ಆಗ ಫಲಗಳು ಎಂಟೋ ನೂರೋ ಇರಬಹುದು. ಅಷ್ಟಾದರೂ ಒಂದು ಬಿಟ್ ಯಾಕೆ ದಾಟುವುದಿಲ್ಲ ಅನ್ನುವುದೇ ಇಲ್ಲಿರುವ ನಿಜವಾದ ಪ್ರಶ್ನೆ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಎರಡು ಸಾಲಿನ ವಾದವೊಂದಿದೆ. ಲತಾಳ ಹತ್ತಿರ N ಸಂದೇಶಗಳಿವೆ, ಎಲ್ಲಕ್ಕೂ ಸಮಾನ ಸಾಧ್ಯತೆ. i ಎಂಬ ಸಂದೇಶಕ್ಕೆ ಅವಳು ρᵢ ಎಂಬ ಸ್ಥಿತಿ ಕಳಿಸುತ್ತಾಳೆ. ರವಿಯ ಅಳತೆ ಎಷ್ಟೇ ಜಟಿಲವಾಗಿರಲಿ, ಅದನ್ನು Eᵢ ಎಂಬ 2×2 ಧನಾತ್ಮಕ ಮ್ಯಾಟ್ರಿಕ್ಸ್‌ಗಳಾಗಿ ಬರೆಯಬಹುದು. ಅವೆಲ್ಲವನ್ನೂ ಕೂಡಿದರೆ ಐಡೆಂಟಿಟಿ ಮ್ಯಾಟ್ರಿಕ್ಸ್ ಬರಬೇಕು. ಆಗ ರವಿ ಸರಿಯಾಗಿ ಹೇಳುವ ಸಾಧ್ಯತೆ ಇಷ್ಟು:

(1/N) Σ Tr(Eᵢρᵢ) ≤ (1/N) Σ Tr(Eᵢ) = 2/N

ಕೊನೆಯ 2 ಬಂದದ್ದು 2×2 ಐಡೆಂಟಿಟಿಯ ಟ್ರೇಸ್‌ನಿಂದ. ಸಂದೇಶಗಳು 8 ಇದ್ದರೆ ಕಣ್ಣು ಮುಚ್ಚಿ ಹೇಳಿದರೂ 1/8 ಸರಿಯಾಗುತ್ತದೆ. ಕ್ಯೂಬಿಟ್ ಕೈಯಲ್ಲಿದ್ದರೆ ಹೆಚ್ಚೆಂದರೆ 1/4. ಒಂದು ಸಾಮಾನ್ಯ ಬಿಟ್ ಕಳಿಸಿದ್ದರೂ 1/4 ಸಿಗುತ್ತಿತ್ತು. α, β ಎಷ್ಟು ದಶಮಾಂಶದ ತನಕ ನಿಖರವಾಗಿವೆ ಅನ್ನುವುದು ಈ ಲೆಕ್ಕದೊಳಗೆ ಬರಲೇ ಇಲ್ಲ ನೋಡಿ.

ಇದು ಸರಿಯಾಗಿ ಊಹಿಸುವ ಸಾಧ್ಯತೆಯ ಮಿತಿ. ಬಿಟ್‌ಗಳಲ್ಲಿ ಲೆಕ್ಕ ಬೇಕೆಂದರೆ ಎಂಟ್ರೋಪಿ ಬೇಕು.

ರವಿಗೆ ಯಾವ ಸಂದೇಶ ಬಂತೆಂದು ಗೊತ್ತಿಲ್ಲ. ಅವನ ಪಾಲಿಗೆ ಬಂದಿರುವುದು ಸರಾಸರಿ ಡೆನ್ಸಿಟಿ ಮ್ಯಾಟ್ರಿಕ್ಸ್, ρ = Σ pᵢρᵢ. ಇಲ್ಲಿ pᵢ ಅಂದರೆ i ಸಂದೇಶ ಬರುವ ಸಾಧ್ಯತೆ. ಅದರ ಎಂಟ್ರೋಪಿ S(ρ) = −Tr(ρ log₂ ρ). ಇದು ವಾನ್ ನಾಯ್ಮನ್ 1927ರಲ್ಲಿ ಕೊಟ್ಟ ಎಂಟ್ರೋಪಿ. ಲೆಕ್ಕ ಹಾಕುವುದು ಸುಲಭ. ρದ ಐಗನ್‌ವ್ಯಾಲ್ಯೂಗಳನ್ನು ಹುಡುಕಿ, ಅವನ್ನು ಸಾಧ್ಯತೆಗಳೆಂದುಕೊಂಡು −Σ λ log₂ λ ಮಾಡಿದರಾಯಿತು. ಕ್ಯೂಬಿಟ್‌ಗೆ ಐಗನ್‌ವ್ಯಾಲ್ಯೂ ಇರುವುದೇ ಎರಡು, ಕೂಡಿದರೆ 1. ಹಾಗಾಗಿ S ಯಾವತ್ತೂ 1 ದಾಟುವುದಿಲ್ಲ.

1973ರಲ್ಲಿ ಹೊಲೆವೊ ತೋರಿಸಿದ್ದು ಇದು: ರವಿ ಯಾವ ಅಳತೆ ಮಾಡಿದರೂ ಅವನಿಗೆ ಸಿಗುವ ಮಾಹಿತಿ χ = S(ρ) − Σ pᵢ S(ρᵢ) ಎಂಬುದನ್ನು ದಾಟದು. S(ρ) ಅತಿ ಹೆಚ್ಚೆಂದರೆ 1, ಕಳೆಯುವ ಭಾಗ ಋಣವಾಗುವುದಿಲ್ಲ. ಒಂದು ಬಿಟ್‌ನ ಮಿತಿ ಬಂದದ್ದು ಇಲ್ಲಿಂದ.

ಸುಮ್ನೆ ಸೂತ್ರ ನೋಡಿದರೆ ಇದು ಒಳಗಿಳಿಯುವುದಿಲ್ಲ. ಒಂದು ಲೆಕ್ಕ ಮಾಡೋಣ. ಲತಾ "ಹೌದು" ಅನ್ನಲು |0⟩ ಕಳಿಸುತ್ತಾಳೆ, "ಇಲ್ಲ" ಅನ್ನಲು |+⟩, ಅಂದರೆ (|0⟩+|1⟩)/√2. ಎರಡಕ್ಕೂ ಅರ್ಧರ್ಧ ಸಾಧ್ಯತೆ. ಸರಾಸರಿ ಹೀಗೆ ಬರುತ್ತದೆ:

ρ = [[3/4, 1/4], [1/4, 1/4]]

ಟ್ರೇಸ್ 1, ಡಿಟರ್ಮಿನೆಂಟ್ 3/16 − 1/16 = 1/8. ಹಾಗಾಗಿ ಐಗನ್‌ವ್ಯಾಲ್ಯೂಗಳು (1 ± 1/√2)/2, ಅಂದರೆ 0.854 ಮತ್ತು 0.146. ಇವುಗಳಿಂದ S(ρ) = 0.601 ಬಿಟ್. ಕಳಿಸಿದ ಎರಡೂ ಸ್ಥಿತಿಗಳು ಶುದ್ಧವಾದ್ದರಿಂದ ಅವುಗಳ ಎಂಟ್ರೋಪಿ ಸೊನ್ನೆ. χ ಕೂಡ 0.601.

ಲತಾ ಒಳಗೆ ಹಾಕಿದ್ದು ಪೂರ್ತಿ ಒಂದು ಬಿಟ್. ಆದರೆ ಎರಡು ಸ್ಥಿತಿಗಳು ಒಂದರ ಮೇಲೊಂದು ಭಾಗಶಃ ಕವಿದುಕೊಂಡಿವೆ. ಆ ಕವಿಯುವಿಕೆಯಿಂದ ಎಷ್ಟು ಹೋಯಿತು ಅನ್ನುವುದನ್ನು ρದ ಎಂಟ್ರೋಪಿ ಹೇಳುತ್ತಿದೆ.

ಈಗ ರವಿಯ ಸರದಿ. ಮೊದಲು ಅವನು ಮಾಮೂಲಿಯಾಗಿ |0⟩, |1⟩ ದಿಕ್ಕಿನಲ್ಲಿ ಅಳೆಯುತ್ತಾನೆ ಅನ್ನಿ. 1 ಬಂದರೆ "ಇಲ್ಲ" ಅನ್ನುವುದು ಖಚಿತ. 0 ಬಂದರೆ ಎರಡೂ ಇರಬಹುದು. 1 ಬರುವ ಒಟ್ಟು ಸಾಧ್ಯತೆ 1/4, ಅದರ ಎಂಟ್ರೋಪಿ 0.811. ಅದರಿಂದ, ಸಂದೇಶ ಗೊತ್ತಿದ್ದರೂ ಉಳಿಯುವ ಗೊಂದಲವಾದ 0.5 ಕಳೆದರೆ 0.311 ಬಿಟ್ ಸಿಗುತ್ತದೆ.

ಇದಕ್ಕಿಂತ ಒಳ್ಳೆಯ ಅಳತೆ ಇದೆ. ಎರಡು ಅಕ್ಷಗಳ ಚಿತ್ರ ಬರೆದು |0⟩ ಅನ್ನು 0 ಡಿಗ್ರಿಯಲ್ಲಿ, |+⟩ ಅನ್ನು 45 ಡಿಗ್ರಿಯಲ್ಲಿ ಇಡಿ. (ಬ್ಲಾಖ್ ಗೋಳದ ಮೇಲೆ ಕೋನಗಳು ಇಮ್ಮಡಿಯಾಗುತ್ತವೆ, ಎರಡನ್ನೂ ಬೆರೆಸಬೇಡಿ.) ಅಳತೆಯ ದಿಕ್ಕುಗಳನ್ನು −22.5 ಮತ್ತು 67.5 ಡಿಗ್ರಿಗೆ ತಿರುಗಿಸಿದರೆ, ಪ್ರತಿ ಸ್ಥಿತಿಯೂ ತನ್ನ ದಿಕ್ಕಿನಿಂದ 22.5 ಡಿಗ್ರಿ ದೂರ ಇರುತ್ತದೆ. cos²(22.5°) = 0.854. ಅಂದರೆ ರವಿ ನೂರಕ್ಕೆ ಸುಮಾರು 85 ಸಲ ಸರಿ ಹೇಳುತ್ತಾನೆ. ಮಾಹಿತಿ 1 − 0.601 = 0.399 ಬಿಟ್. ಒಂದೊಂದೇ ಕ್ಯೂಬಿಟ್ ಅಳೆದರೆ ಇದಕ್ಕಿಂತ ಹೆಚ್ಚು ಸಿಗುವುದಿಲ್ಲ. 0.601 ಮತ್ತೆ ಬಂತಲ್ಲ ಅಂದರೆ, 45 ಡಿಗ್ರಿಗೆ ಸೈನ್ ಮತ್ತು ಕೊಸೈನ್ ಒಂದೇ ಆಗಿರುವುದರಿಂದ ಹಾಗೆ. ಬೇರೆ ಕೋನದಲ್ಲಿ ಈ ಹೊಂದಿಕೆ ಇರುವುದಿಲ್ಲ.

ಇನ್ನು ನೀವು ಕೇಳಿದ ಎಂಟ್ರೋಪಿಯ ಸಂಬಂಧಕ್ಕೆ ಬರುತ್ತೇನೆ. ನಾನು ಕಲಿಯುವಾಗ ಜಾಸ್ತಿ ದಿನ ಸಿಕ್ಕಿಹಾಕಿಕೊಂಡಿದ್ದು ಇಲ್ಲೇ. "ρದ ಎಂಟ್ರೋಪಿ 0.601, ಹಾಗಾದರೆ ρದ ಐಗನ್‌ವೆಕ್ಟರ್‌ಗಳ ದಿಕ್ಕಿನಲ್ಲೇ ಅಳೆದರೆ 0.601 ಬಿಟ್ ಸಿಗಬೇಕು" ಎಂದುಕೊಂಡಿದ್ದೆ. ಮಾಡಿ ನೋಡಿ. ಆ ದಿಕ್ಕುಗಳು 22.5 ಮತ್ತು 112.5 ಡಿಗ್ರಿ. 22.5 ಅನ್ನುವುದು |0⟩ ಮತ್ತು |+⟩ಗಳ ಸರಿ ನಡುವೆ ಇದೆ! ಲತಾ ಯಾವುದನ್ನು ಕಳಿಸಿದರೂ ಮೊದಲ ಫಲ ಬರುವ ಸಾಧ್ಯತೆ 0.854, ಎರಡನೆಯದು 0.146. ಫಲದ ಪಟ್ಟಿಯ ಎಂಟ್ರೋಪಿ ನಿಜಕ್ಕೂ 0.601. ಆದರೆ ಲತಾಳ ಸಂದೇಶದ ಬಗ್ಗೆ ಅದು ಹೇಳುವುದು ಸೊನ್ನೆ. ಆ 0.601 ಪೂರ್ತಿ ಅಳತೆಯದೇ ಗದ್ದಲ.

ಹಾಗಾಗಿ S(ρ) ಅನ್ನು "ಸಿಗುವ ಮಾಹಿತಿ" ಎಂದು ಓದಬಾರದು. ಅದೊಂದು ಛಾವಣಿ. ಒಂದೊಂದೇ ಕ್ಯೂಬಿಟ್ ಅಳೆದು ಅದನ್ನು ಮುಟ್ಟಲು ಆಗುವುದು, ಕಳಿಸುವ ρᵢಗಳೆಲ್ಲ ಒಂದಕ್ಕೊಂದು ಕಮ್ಯೂಟ್ ಆದಾಗ ಮಾತ್ರ. |0⟩ ಮತ್ತು |1⟩ ಕಳಿಸಿದರೆ ಹಾಗಾಗುತ್ತದೆ, ಪೂರ್ತಿ 1 ಬಿಟ್ ಸಿಗುತ್ತದೆ.

ಹಾಗಾದರೆ 0.399 ಮತ್ತು 0.601ರ ನಡುವಿನ ಜಾಗ ಯಾರ ಪಾಲು? ಅದೂ ಸಿಗುತ್ತದೆ, ಆದರೆ ಬೇರೆ ದಾರಿಯಿಂದ. ಲತಾ ಬಹಳಷ್ಟು ಕ್ಯೂಬಿಟ್‌ಗಳ ಉದ್ದನೆಯ ಸಾಲುಗಳನ್ನು ಕೋಡ್‌ಪದಗಳಾಗಿ ಆರಿಸಿಕೊಳ್ಳಬೇಕು. ರವಿ ಬಂದ ಕ್ಯೂಬಿಟ್‌ಗಳನ್ನು ಬಿಡಿಬಿಡಿಯಾಗಿ ಅಳೆಯದೆ ಕೂಡಿಟ್ಟು, ಇಡೀ ಸಾಲಿಗೆ ಒಂದೇ ಸಾಮೂಹಿಕ ಅಳತೆ ಮಾಡಬೇಕು. ಸಾಲು ಉದ್ದವಾದಷ್ಟೂ ಪ್ರತಿ ಕ್ಯೂಬಿಟ್‌ಗೆ 0.601ಕ್ಕೆ ಎಷ್ಟು ಬೇಕಾದರೂ ಹತ್ತಿರ ಹೋಗಬಹುದು. ಇದನ್ನು ಷೂಮಾಕರ್ ಮತ್ತು ವೆಸ್ಟ್‌ಮೋರ್‌ಲ್ಯಾಂಡ್ 1997ರಲ್ಲಿ, ಹೊಲೆವೊ 1998ರಲ್ಲಿ ಸಾಬೀತು ಮಾಡಿದರು. χ ಬರೀ ಮೇಲ್ಮಿತಿಯಾಗಿ ಉಳಿಯಲಿಲ್ಲ, ಮುಟ್ಟಬಹುದಾದ ಮಿತಿಯಾಯಿತು.

ಕಳೆಯುವ ಭಾಗ ಯಾಕೆ ಬೇಕು ಅನ್ನುವುದಕ್ಕೆ ಒಂದು ಸಣ್ಣ ಉದಾಹರಣೆ. ಲತಾ |0⟩ ಅಥವಾ |1⟩ ಕಳಿಸುತ್ತಾಳೆ, ದಾರಿಯಲ್ಲಿ ಹತ್ತಕ್ಕೊಂದು ಸಲ ಅದು ತಿರುಗಿಬೀಳುತ್ತದೆ ಅನ್ನಿ. ಸರಾಸರಿಯ ಎಂಟ್ರೋಪಿ ಈಗಲೂ 1. ಆದರೆ ರವಿಗೆ ಮುಟ್ಟುವ ಪ್ರತಿ ಸ್ಥಿತಿಗೂ ತನ್ನದೇ 0.469 ಎಂಟ್ರೋಪಿ ಇದೆ. ಅದನ್ನು ಕಳೆದರೆ χ = 0.531. ಬರೀ S(ρ) ನೋಡಿದ್ದರೆ ಗದ್ದಲವನ್ನೂ ಸಂದೇಶ ಎಂದು ಎಣಿಸಿಬಿಡುತ್ತಿದ್ದೆವು.

ನೀವೇ ಪರೀಕ್ಷಿಸಲು:

```python
import numpy as np

def S(r):
    w = np.linalg.eigvalsh(r)
    w = w[w > 1e-12]
    return -(w * np.log2(w)).sum()

a = np.array([1, 0])
b = np.array([1, 1]) / np.sqrt(2)
P = lambda v: np.outer(v, v.conj())
print(S((P(a) + P(b)) / 2))
```

0.6009 ಬರಬೇಕು. 0.4165 ಬಂದರೆ `log2` ಬದಲು `log` ಹಾಕಿದ್ದೀರಿ. ಶುದ್ಧ ಸ್ಥಿತಿಯೊಂದನ್ನು ಕೊಟ್ಟಾಗ `nan` ಬಂದರೆ ಸೊನ್ನೆ ಐಗನ್‌ವ್ಯಾಲ್ಯೂ ತೆಗೆಯುವ ಸಾಲು ಬಿಟ್ಟುಹೋಗಿರಬೇಕು. `conj()` ಬಿಟ್ಟರೆ ಈ ಉದಾಹರಣೆಯಲ್ಲಿ ಏನೂ ಗೊತ್ತಾಗುವುದಿಲ್ಲ, ಆದರೆ β ಕಾಂಪ್ಲೆಕ್ಸ್ ಆದ ಕೂಡಲೇ ρ ತಪ್ಪಾಗುತ್ತದೆ. ಈ ತಪ್ಪು ಹುಡುಕುವುದು ಕಷ್ಟ, ಮೊದಲೇ ಬರೆದಿಟ್ಟುಬಿಡಿ.

"ಮತ್ತೆ ಸೂಪರ್‌ಡೆನ್ಸ್ ಕೋಡಿಂಗ್‌ನಲ್ಲಿ ಒಂದು ಕ್ಯೂಬಿಟ್ ಕಳಿಸಿ 2 ಬಿಟ್ ಸಾಗಿಸುತ್ತಾರಲ್ಲ?" ಎಂದು ನೀವು ಕೇಳಬಹುದು. 1992ರಲ್ಲಿ ಬೆನೆಟ್ ಮತ್ತು ವೀಸ್ನರ್ ತೋರಿಸಿದ್ದು ಅದು. ಅಲ್ಲಿ ಲತಾ ಮತ್ತು ರವಿ ಮೊದಲೇ ಎಂಟ್ಯಾಂಗಲ್ ಆದ ಜೋಡಿಯೊಂದನ್ನು ಹಂಚಿಕೊಂಡಿರುತ್ತಾರೆ. ಲತಾ ತನ್ನ ಅರ್ಧದ ಮೇಲೆ ನಾಲ್ಕರಲ್ಲಿ ಒಂದು ಕ್ರಿಯೆ ಮಾಡಿ ಕಳಿಸುತ್ತಾಳೆ. ರವಿ ಎರಡನ್ನೂ ಒಟ್ಟಿಗೆ ಅಳೆಯುತ್ತಾನೆ. ಕೊನೆಗೆ ಅವನ ಕೈಯಲ್ಲಿರುವುದು ಎರಡು ಕ್ಯೂಬಿಟ್, ρ ಈಗ 4×4, S ಹೆಚ್ಚೆಂದರೆ 2. ಹೊಲೆವೊ ಮಿತಿ ಹಾಗೇ ನಿಂತಿದೆ. ದಾರಿಯಲ್ಲಿ ಹೋಗುವ ಆ ಒಂದು ಕ್ಯೂಬಿಟ್ ಅನ್ನು ಮಾತ್ರ ನೋಡಿದರೆ, ನಾಲ್ಕೂ ಸಂದೇಶಗಳಿಗೆ ಅದರ ಡೆನ್ಸಿಟಿ ಮ್ಯಾಟ್ರಿಕ್ಸ್ I/2 ಆಗಿರುತ್ತದೆ. S(ρ) = 1, ಪ್ರತಿ S(ρᵢ) ಕೂಡ 1. ನಡುವೆ ಅದನ್ನು ಯಾರಾದರೂ ಹಿಡಿದು ಅಳೆದರೆ ಅವರಿಗೆ ಸಿಗುವುದು 1 − 1, ಸೊನ್ನೆ ಬಿಟ್.