ಎರಡನೇ ಸಲ ಕರೆದಾಗ ಕೊಡುವ ಉತ್ತರ

ಪ್ರಶ್ನೆ: ಸೋದರತ್ತೆಯ ಮಗಳ ಸೀಮಂತಕ್ಕೆ ಬರಲಾಗುವುದಿಲ್ಲ ಎಂದು ಒಮ್ಮೆ ಹೇಳಿದ್ದೆ. ಅತ್ತೆ ಮತ್ತೆ ಫೋನ್ ಮಾಡಿ ಒತ್ತಾಯಿಸುತ್ತಿದ್ದಾರೆ. ಅವರ ಮನಸ್ಸು ನೋಯಿಸದೆ ಹೇಗೆ ಹೇಳಲಿ?

ನಮ್ಮಲ್ಲಿ ಮೊದಲನೆಯ ‘ಬೇಡ’ವನ್ನು ಎಷ್ಟೋ ಮಂದಿ ಸಂಕೋಚವೆಂದೇ ತಿಳಿಯುತ್ತಾರೆ. ಕಾಫಿ ಬೇಡ ಎಂದವರ ಮುಂದೆಯೂ ಲೋಟ ಬಂದು ಕೂರುತ್ತದಲ್ಲ, ಹಾಗೆ. ಒಂದು ಸಲ ಕರೆದು ಸುಮ್ಮನಾದರೆ ಕರೆದಂತೆಯೇ ಅಲ್ಲ ಎಂದು ಹಿರಿಯರು ಭಾವಿಸುತ್ತಾರೆ. ಆದ್ದರಿಂದ ನಿಮ್ಮ ಅತ್ತೆ ನಿಜವಾಗಿ ಕಾಯುತ್ತಿರುವುದು ಈ ಎರಡನೇ ಉತ್ತರಕ್ಕೆ.

ಇಲ್ಲಿ ನಾನೊಮ್ಮೆ ಎಡವಿದ್ದೇನೆ. ಚಿಕ್ಕಮ್ಮ ಎರಡನೇ ಸಲ ಕರೆದಾಗ ಮೊದಲು ಹೇಳಿದ ಕಾರಣ ಸಾಲದೇನೋ ಎನ್ನಿಸಿ, ಬಸ್ಸಿನ ತೊಂದರೆಯನ್ನೂ ಸೇರಿಸಿಬಿಟ್ಟೆ. ಅವರು ಕಾರು ಕಳಿಸುತ್ತೇನೆ ಎಂದರು. ಹೊಸ ಕಾರಣ ಕೊಟ್ಟರೆ ಕರೆಯುವವರು ಅದಕ್ಕೊಂದು ಪರಿಹಾರ ಹುಡುಕುತ್ತಾರೆ. ಆಮೇಲೆ ಉಳಿಯುವುದು ನಮ್ಮ ಹಟ ಮಾತ್ರ. ‘ನೋಡೋಣ’ ಎಂಬುದು ಇನ್ನೂ ಕೆಟ್ಟದ್ದು. ಅವರು ಅದನ್ನು ‘ಬರುತ್ತೇನೆ’ ಎಂದು ಕೇಳಿಸಿಕೊಂಡು, ಅಡುಗೆಯವರಿಗೆ ಹೇಳುವ ಎಲೆಯ ಲೆಕ್ಕದಲ್ಲಿ ನಿಮ್ಮನ್ನೂ ಸೇರಿಸುತ್ತಾರೆ.

ಮುಂದಿನ ಸಲ, ಹಾಸನದಲ್ಲಿರುವ ಸೋದರತ್ತೆಯ ಮನೆಯ ಗೃಹಪ್ರವೇಶಕ್ಕೆ, ನನ್ನ ಯಜಮಾನರ ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಹತ್ತು ದಿನವಾಗಿತ್ತು. ಅದನ್ನು ಮೊದಲ ಸಲವೇ ಹೇಳಿದ್ದೆ. ಎರಡನೇ ಸಲ ಅತ್ತೆ, “ನೀನಿಲ್ಲದೆ ಹಾಲು ಉಕ್ಕಿಸುವುದು ಹೇಗೆ? ಒಂದು ಗಂಟೆ ಬಂದು ಹೋಗು” ಎಂದರು.

ನಾನು ಹೇಳಿದ್ದು ಇಷ್ಟು: “ಅತ್ತೆ, ಹಾಲು ಉಕ್ಕುವಾಗ ನನ್ನನ್ನು ನೆನೆಯುತ್ತೀರಲ್ಲ, ಅದಕ್ಕೇ ಕಣ್ಣು ತುಂಬಿತು. ಆದರೆ ಆ ದಿನ ಬರಲು ಆಗುವುದಿಲ್ಲ. ದೇವರ ಮನೆಯ ಬಾಗಿಲಿಗೆ ಕೊನೆಗೆ ಯಾವ ಮರ ಹಾಕಿಸಿದಿರಿ?”

ನಿರಾಕರಣೆಯ ಮಾತು ಮೊದಲ ಸಲದ್ದೇ, ಒಂದಕ್ಷರವೂ ಬದಲಾಗಲಿಲ್ಲ. ಬದಲಾದದ್ದು ಅದರ ಹಿಂದುಮುಂದಿನ ಮಾತುಗಳು. ಅದಕ್ಕೆ ಮೊದಲು, ಅವರು ಆಗಷ್ಟೇ ಆಡಿದ ಹಾಲಿನ ಮಾತನ್ನೇ ಎತ್ತಿಕೊಂಡೆ. ಅದಾದ ಮೇಲೆ, ಅವರಿಗೆ ಹೇಳಿಕೊಳ್ಳಲು ಆಸೆಯಿದ್ದ ಒಂದು ವಿಷಯ ಕೇಳಿದೆ. ‘ಒಂದು ಗಂಟೆ’ ಎಂಬುದಕ್ಕೆ ಉತ್ತರಿಸಲೇ ಇಲ್ಲ. ಉತ್ತರಿಸಿದ್ದರೆ ಅದು ಅರ್ಧ ಗಂಟೆಗೆ ಇಳಿಯುತ್ತಿತ್ತು. ಅತ್ತೆ ಬಾಗಿಲಿನ ಬಗ್ಗೆ ಬಹಳ ಹೊತ್ತು ಮಾತಾಡಿದರು.

ಕ್ಷಮೆಯನ್ನೂ ಒಂದಕ್ಕಿಂತ ಹೆಚ್ಚು ಸಲ ಕೇಳಬೇಡಿ. ಮತ್ತೆ ಮತ್ತೆ ಕೇಳಿದರೆ ನೀವು ಸಡಿಲವಾಗಿದ್ದೀರಿ ಎಂದು ಅವರಿಗೆ ಅನ್ನಿಸುತ್ತದೆ. ಬೇರೆ ದಿನ ಬರುತ್ತೇನೆ ಎನ್ನುವುದಾದರೆ ದಿನವನ್ನೂ ಹೇಳಿ, ಹೋಗುವುದು ಖಚಿತವಾಗಿದ್ದರೆ ಮಾತ್ರ. ನಿಮ್ಮ ವಿಷಯದಲ್ಲಿ, ಬಸುರಿ ಹುಡುಗಿಗೆ ಏನು ತಿನ್ನಬೇಕೆನಿಸಿದೆ ಎಂದು ಕೇಳಿ, ಅದನ್ನು ಮಾಡಿಕೊಂಡು ಸೀಮಂತದ ಮುಂಚಿನ ಒಂದು ದಿನ ಹೋಗಿಬರಬಹುದು. ಗಡಿಬಿಡಿಯಿಲ್ಲದ ಮನೆಯಲ್ಲಿ ಅವಳ ಪಕ್ಕ ಕುಳಿತು ಮಾತಾಡಲು ಸಮಯವೂ ಸಿಗುತ್ತದೆ.